ಹೆಸರೆಲ್ಲಾ ಒಂದೇ ಇವೆ ಅಂತ ನಂಬಿ ವಿಟಮಿನ್ ಸಿ ಸೀರಮ್ ತಗೊಂಡೆ, ನೀವು ಹಾಗೆ ಮಾಡಬೇಡಿ

ಇದನ್ನು ಬರೆಯೋಕೆ ನಾಚಿಕೆಯಾಗುತ್ತಿದೆ. ಒಬ್ಬಳೇ ಮೋಸ ಹೋಗಿದ್ದರೆ ಸುಮ್ನೆ ಇರುತ್ತಿದ್ದೆ. ನಾಲ್ಕು ಬಾಟಲಿ ತಗೊಂಡು ಮೂರನ್ನು ಬೇರೆಯವರಿಗೆ ಕೊಟ್ಟೆ. "ನಾನು ಡಬ್ಬಿ ಮೇಲಿನ ಪದಾರ್ಥಗಳ ಪಟ್ಟಿ ಓದಿ ನೋಡಿದ್ದೇನೆ, ದುಬಾರಿದೂ ಇದೂ ಒಂದೇ" ಅಂತ ಜಂಬದಿಂದ ಬೇರೆ ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊರದೇಶದಲ್ಲಿರುವ ತಮ್ಮ ಕಳೆದ ಸಲ ಬಂದಾಗ ಒಂದು ವಿಟಮಿನ್ ಸಿ ಸೀರಮ್ ತಂದುಕೊಟ್ಟಿದ್ದ. 30 ಮಿಲಿ, ಕಂದು ಗಾಜಿನ ಬಾಟಲಿ. ಖಾಲಿಯಾಗುತ್ತ ಬಂದಾಗ ಬೆಲೆ ನೋಡಿದೆ. ಒಂದು ತಿಂಗಳ ಕಿರಾಣಿ ಬಂದುಬಿಡುತ್ತೆ ಆ ದುಡ್ಡಿಗೆ. ಹೋಗಲಿ ಬಿಡು ಅಂದುಕೊಂಡೆ. ಆಮೇಲೆ ಒಂದು ದಿನ ಹುಬ್ಬಳ್ಳಿಯಲ್ಲಿ ದುರ್ಗದ ಬೈಲಿಗೆ ಬಳೆ ತರೋಕೆ ಹೋದಾಗ ಪಕ್ಕದ ಕಾಸ್ಮೆಟಿಕ್ ಅಂಗಡಿಯಲ್ಲಿ ಅದೇ ಆಕಾರದ, ಅದೇ ಬಣ್ಣದ ಬಾಟಲಿ ಕಂಡಿತು. ಬೆಲೆ 549. ಅಂಗಡಿಯವರು ಹೇಳಿದ್ದು ಇಷ್ಟೇ: "ಅಕ್ಕಾರ, ಒಳಗಿನ ಮಾಲು ಅದೇ ರೀ. ಬರೀ ಹೆಸರು ಬ್ಯಾರೆ. ಬೇಕಾದ್ರ ಡಬ್ಬಿ ಮ್ಯಾಲ ಓದಿ ನೋಡ್ರಿ."

ಓದಿ ನೋಡ್ರಿ ಅಂದರಲ್ಲ, ಅಲ್ಲೇ ನಾನು ಬಿದ್ದೆ. ಓದಿ ನೋಡು ಅನ್ನುವವನು ಸುಳ್ಳು ಹೇಳ್ತಾನಾ ಅಂದುಕೊಂಡೆ. ಹಳೇ ಡಬ್ಬಿಯ ಫೋಟೋ ಫೋನಿನಲ್ಲಿತ್ತು. ಕೌಂಟರಿನಲ್ಲೇ ನಿಂತು ಒಂದೊಂದೇ ಹೆಸರು ಹೊಂದಿಸಿದೆ. ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿ, ಇದೆ. ಟೋಕೋಫೆರ್ ಅಂತ ಶುರುವಾಗುವ ವಿಟಮಿನ್ ಇ ಇದೆ. ವಿಟಮಿನ್ ಸಿ ಬೇಗ ಕೆಡದಂತೆ ಕಾಯುವ ಫೆರುಲಿಕ್ ಆಸಿಡ್ ಇದೆ. ಗ್ಲಿಸರಿನ್ ಇದೆ. ಮುಖ್ಯವಾದ ಮೂರೂ ಇವೆ, ಇನ್ನೇನು ಬೇಕು? ಚೌಕಾಸಿ ಮಾಡಿ ನಾಲ್ಕು ಬಾಟಲಿಗೆ ಎರಡು ಸಾವಿರ ಕೊಟ್ಟೆ. ಧಾರವಾಡಕ್ಕೆ ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ಕೂತು ನೆಗೆಣ್ಣಿಗೆ, ತಂಗಿಗೆ, ಆಫೀಸಿನ ಗೆಳತಿಗೆ ಮೂವರಿಗೂ ಮೆಸೇಜ್ ಹಾಕಿದೆ. ದೊಡ್ಡ ಸಂಶೋಧನೆ ಮಾಡಿದವಳ ಹಾಗೆ.

ಎರಡು ತಿಂಗಳು ಹಚ್ಚಿದೆ. ಮುಖ ಮೆತ್ತಗಾಯಿತು, ನಿಜ. ಆದರೆ ಹಳೆಯದು ಹಚ್ಚಿದಾಗ ಆಗುತ್ತಿದ್ದ ಸಣ್ಣ ಚುರುಚುರು ಇಲ್ಲವೇ ಇಲ್ಲ. ಸೌಮ್ಯವಾಗಿದೆ, ಒಳ್ಳೆಯದೇ ಅಂದುಕೊಂಡೆ. ಇನ್ನೊಂದು ವಿಷಯ, ಬಾಟಲಿ ತೆಗೆದ ದಿನ ಎಷ್ಟು ಹಳದಿ ಇತ್ತೋ ಎರಡು ತಿಂಗಳಾದ ಮೇಲೂ ಅಷ್ಟೇ ಹಳದಿ. ಹಳೆಯದು ಮೊದಲು ನೀರಿನ ಹಾಗಿದ್ದು, ಆಮೇಲೆ ಹಳದಿ, ಕೊನೆಗೆ ತಿಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ಇದು ಕೆಡುವುದೇ ಇಲ್ಲ ನೋಡು ಅಂತ ಅದನ್ನೂ ಹೊಗಳಿದೆ!

ಅಣ್ಣನ ಮಗಳು ಧಾರವಾಡದಲ್ಲಿ ಬಿಎಸ್ಸಿ ಕೆಮಿಸ್ಟ್ರಿ ಓದುತ್ತಾಳೆ. ಭಾನುವಾರ ಊಟಕ್ಕೆ ಬಂದಿದ್ದಳು. ಡಬ್ಬಿ ತಿರುಗಿಸಿ ನೋಡಿ ಕೇಳಿದಳು, "ಅತ್ತಿ, ಹೆಸರು ನೋಡೀರಿ. ಹೆಸರು ಎಷ್ಟನೇದು ಅಂತ ನೋಡೀರೇನು?"

ನೋಡಿರಲಿಲ್ಲ.

ವಿಷಯ ಹೀಗಿದೆ. ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದಲ್ಲೇ ಇದೆ. ಆದರೆ ಆ ನಿಯಮ ಶೇಕಡಾ 1ಕ್ಕಿಂತ ಜಾಸ್ತಿ ಇರುವವಕ್ಕೆ ಮಾತ್ರ. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಆ ಗೆರೆ ಎಲ್ಲಿದೆ ಅಂತ ಡಬ್ಬಿ ಮೇಲೆ ಯಾರೂ ಎಳೆದಿರುವುದಿಲ್ಲ. ಅಂದಾಜು ಮಾಡೋಕೆ ಒಂದು ಗುರುತಿದೆ. ಫೀನಾಕ್ಸಿಎಥನಾಲ್ ಅಂತ ಒಂದು ಪ್ರಿಸರ್ವೇಟಿವ್ ಸುಮಾರು ಸೀರಮ್‌ಗಳಲ್ಲಿ ಇರುತ್ತೆ. ಅದನ್ನು ಸಾಮಾನ್ಯವಾಗಿ ಶೇಕಡಾ 1ರೊಳಗೇ ಹಾಕುತ್ತಾರೆ, ಯುರೋಪಿನಲ್ಲಿ ಅದರ ಮಿತಿಯೇ ಅಷ್ಟು. ಹಾಗಾದರೆ ಅದರ ನಂತರ ಬಂದ ಹೆಸರುಗಳೆಲ್ಲಾ ಹೆಚ್ಚೆಂದರೆ ಶೇಕಡಾ 1.

ತಮ್ಮ ತಂದ ಬಾಟಲಿಯಲ್ಲಿ ನೀರು, ಒಂದು ಸಾಲ್ವೆಂಟ್, ಮೂರನೆಯದು ಆಸ್ಕಾರ್ಬಿಕ್ ಆಸಿಡ್. ಮುಂದುಗಡೆ 15% ಅಂತಲೂ ಬರೆದಿದ್ದರು. ನನ್ನ 549ರ ಬಾಟಲಿಯಲ್ಲಿ ನೀರು, ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಲೋಳೆಸರದ ರಸ, ಇನ್ನೊಂದು ಏನೋ, ಫೀನಾಕ್ಸಿಎಥನಾಲ್, ಕ್ಸಾಂಥನ್ ಗಮ್. ಅದಾದ ಮೇಲೆ ಬಂತು ನಮ್ಮ ಆಸ್ಕಾರ್ಬಿಕ್ ಆಸಿಡ್. ಎಂಟನೇ ಜಾಗ! ಕೊಟ್ಟಕೊನೆಗೆ CI 19140. ಅದೇನು ಅಂದರೆ ಟಾರ್ಟ್ರಜೀನ್, ಹಳದಿ ಬಣ್ಣ. ಸೀರಮ್ ಹಳದಿ ಇದ್ದದ್ದು ವಿಟಮಿನ್ ಸಿಯಿಂದ ಅಲ್ಲ, ಬಣ್ಣ ಕಲಸಿದ್ದರು. ಕೆಡುವುದೇ ಇಲ್ಲ ಅಂತ ಹೊಗಳಿದ್ದೆನಲ್ಲ, ಬಣ್ಣ ಯಾಕೆ ಕೆಡುತ್ತೆ?

ಆ ಹೊತ್ತಿಗೆ ನನಗೆ ಅನ್ನ ಸೇರಲಿಲ್ಲ.

ಸಿಟ್ಟಿನಲ್ಲಿ ಇನ್ನೊಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. "ಫೆರುಲಿಕ್ ಆಸಿಡ್ ಕೂಡ ಕೊನೆಗೆ ಹಾಕ್ಯಾರ ನೋಡು, ಕಳ್ಳರು" ಅಂದೆ. ಅವಳು ಹಳೇ ಡಬ್ಬಿಯ ಫೋಟೋ ದೊಡ್ಡದು ಮಾಡಿ ತೋರಿಸಿದಳು. "ಇದರಾಗೂ ಕೊನೆಗೇ ಅದ ಅತ್ತಿ." ಆ ತರಹದ ಸೀರಮ್‌ಗಳಲ್ಲಿ ಫೆರುಲಿಕ್ ಬೇಕಾಗುವುದೇ ಶೇಕಡಾ ಅರ್ಧ, ವಿಟಮಿನ್ ಇ ಶೇಕಡಾ 1. ಹಾಗಾಗಿ ಅವು ಕೊನೆಗೆ ಇದ್ದರೆ ತಪ್ಪಲ್ಲ. ಯಾವ ವಸ್ತು ಎಷ್ಟು ಬೇಕು ಅಂತ ತಿಳಿಯದೆ, ಕೊನೆಗೆ ಬಂದದ್ದೆಲ್ಲ ಮೋಸ ಅನ್ನುವಂತಿಲ್ಲ. ವಿಟಮಿನ್ ಇ ವಿಷಯದಲ್ಲಿ ಮಾತ್ರ ಒಂದು ಸಣ್ಣ ಕಿತಾಪತಿ ಇತ್ತು. ಹಳೆಯದರಲ್ಲಿ ಟೋಕೋಫೆರಾಲ್. ಇದರಲ್ಲಿ ಟೋಕೋಫೆರಿಲ್ ಅಸಿಟೇಟ್. ನಾನು ಮೊದಲ ಅರ್ಧ ಓದಿ ಟಿಕ್ ಹಾಕಿದ್ದೆ. ಅಸಿಟೇಟ್ ಬೇರೆ ರೂಪ, ಬಾಟಲಿಯೊಳಗೆ ಅದು ಟೋಕೋಫೆರಾಲ್ ಹಾಗೆ ವಿಟಮಿನ್ ಸಿ ಕೆಡದಂತೆ ಕಾಯುವ ಕೆಲಸ ಮಾಡುವುದಿಲ್ಲ.

ಬರೀ ಪಟ್ಟಿ ನೋಡಿ ಬೈಯುವುದು ಬೇಡ, ಅಳೆದು ನೋಡೋಣ ಅಂದಳು. ಮನೆಯಲ್ಲಿ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಇತ್ತು, 5%ದು. ವಿಟಮಿನ್ ಸಿ ಅಯೋಡಿನ್‌ನ ಕಂದು ಬಣ್ಣವನ್ನು ನುಂಗಿಬಿಡುತ್ತೆ. ಬಿಳಿ ಕಪ್ಪಿನಲ್ಲಿ ಅರ್ಧ ನೀರು, ಅದಕ್ಕೆ ಒಂದೇ ಹನಿ ಸೀರಮ್. ಆಮೇಲೆ ಇಂಕ್ ಫಿಲ್ಲರಿನಿಂದ ಅಯೋಡಿನ್ ಹನಿ ಹನಿಯಾಗಿ ಹಾಕುತ್ತ ಕಲಕುವುದು. ಕಂದು ಬಣ್ಣ ಹೋಗದೆ ಉಳಿಯುವ ತನಕ ಎಷ್ಟು ಹನಿ ಹೋಯಿತು ಅಂತ ಎಣಿಸುವುದು. ಸೀರಮ್ ಹಾಕುವ ಡ್ರಾಪರ್ ಎಲ್ಲದಕ್ಕೂ ಒಂದೇ ಇರಬೇಕು, ತೊಳೆದು ಒರೆಸಿ. ಇಲ್ಲದಿದ್ದರೆ ಹನಿಯ ಗಾತ್ರ ಬದಲಾಗಿ ಲೆಕ್ಕ ತಪ್ಪುತ್ತೆ.

549ರ ಸೀರಮ್‌ಗೆ ಮೊದಲ ಹನಿಯ ಬಣ್ಣ ಹೋಯಿತು. ಎರಡನೆಯದು ತಡವಾಗಿ ಹೋಯಿತು. ಮೂರನೆಯದಕ್ಕೆ ಕಪ್ಪಿನೊಳಗಿನ ನೀರು ಕಂದಾಗಿಯೇ ನಿಂತಿತು. ಮುಗಿಯಿತು. ನಾನು "ಇನ್ನೊಮ್ಮೆ ಮಾಡು" ಅಂದೆ. ಮತ್ತೆ ಮೂರು. ಮತ್ತೊಮ್ಮೆ. ಮೂರು.

ತಮ್ಮ ತಂದದ್ದರ ತಳದಲ್ಲಿ ಸ್ವಲ್ಪ ಉಳಿದಿತ್ತು, ಅದಕ್ಕೆ 24 ಹನಿ. ಲೆಕ್ಕ ಹಾಕಿ ಹೇಳಿದಳು: 15% ಇರುವ ಹೊಸ ಸೀರಮ್‌ಗೆ ಸುಮಾರು 40 ಹನಿ ಹೋಗಬೇಕು. ಅಂದರೆ ದುಬಾರಿದೂ ಗಾಳಿ ಕುಡಿದು ಅರ್ಧದ ಹತ್ತಿರ ಸತ್ತಿತ್ತು. ಬಣ್ಣ ತಿರುಗಿದರೂ ದುಬಾರಿ ಅಂತ ಬಿಸಾಡದೆ ಹಚ್ಚುತ್ತಿದ್ದೆ ನಾನು. ಇದು ಆ ಕಂಪನಿಯ ತಪ್ಪಲ್ಲ, ನನ್ನ ಜಿಪುಣತನ.

ಮರುದಿನ ಅಂಗಡಿಗೆ ಹೋದೆ. ಆ ಮಾತುಕತೆ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

"ಅಕ್ಕಾರ, ಪಟ್ಟಿಯೊಳಗ ವಿಟಮಿನ್ ಸಿ ಐತೋ ಇಲ್ಲೋ?"

"ಐತ್ರಿ, ಆದ್ರ ಎಷ್ಟೈತಿ?"

"ಎಷ್ಟೈತಿ ಅಂತ ನಾವು ಹೇಳೇ ಇಲ್ಲಲ್ರಿ. ಐತಿ ಅಂದೀವಿ. ಐತಿ."

"ಒಳಗಿನ ಮಾಲು ಅದೇ ಅಂದ್ರಲ್ಲಾ?"

"ಮಾಲು ಅದೇ ರೀ. ಚಹಾಕ್ಕ ಒಂದು ಚಮಚ ಸಕ್ಕರಿ ಹಾಕಿದ್ರೂ ಸಕ್ಕರೀನ, ಎರಡು ಹಾಕಿದ್ರೂ ಸಕ್ಕರೀನ."

ಪಕ್ಕದಲ್ಲಿ ನಿಂತಿದ್ದ ಗಿರಾಕಿ ನಕ್ಕುಬಿಟ್ಟರು. ಡಬ್ಬಿ ಮೇಲಿನ ಕಸ್ಟಮರ್ ಕೇರ್ ನಂಬರಿಗೂ ಮಾಡಿದೆ. ಶೇಕಡಾ ಎಷ್ಟು ಅಂತ ಕೇಳಿದರೆ "ಅದು ನಮ್ಮ ಫಾರ್ಮುಲಾ ಮೇಡಮ್, ಹೇಳೋಕೆ ಬರಲ್ಲ. ಚರ್ಮಕ್ಕೆ ಬೇಕಾದಷ್ಟು ಇದೆ." ಬೇಕಾದಷ್ಟು ಅಂದರೆ ಎಷ್ಟು? "ಬೇಕಾದಷ್ಟು ಮೇಡಮ್." ಮೂರು ಸಲ ಕೇಳಿದೆ, ಮೂರು ಸಲವೂ ಅದೇ.

ಕಾನೂನಿನ ಪ್ರಕಾರ ಡಬ್ಬಿಯಲ್ಲಿ ಸುಳ್ಳು ಬರೆದಿಲ್ಲ, ಅದೇ ಹೊಟ್ಟೆ ಉರಿಯುವ ಮಾತು. ಸತ್ಯವನ್ನೇ ಬರೆದು ನನ್ನನ್ನು ಯಾಮಾರಿಸಿದರು.

ಹಾಗಂತ ಅಗ್ಗದ್ದೆಲ್ಲ ಕೆಟ್ಟದು, ದುಬಾರಿದೇ ತಗೊಳ್ಳಿ ಅಂತ ನಾನು ಹೇಳಲ್ಲ. ಹಠಕ್ಕೆ ಬಿದ್ದು ಇನ್ನೊಂದು ತಂದೆ, 700 ರೂಪಾಯಿ ಚಿಲ್ಲರೆ. ಮುಂದುಗಡೆಯೇ 15% ಅಂತ ಇದೆ, ಪಟ್ಟಿಯಲ್ಲಿ ಆಸ್ಕಾರ್ಬಿಕ್ ಆಸಿಡ್ ಎರಡನೆಯದು, ಬಣ್ಣ ಹಾಕಿಲ್ಲ. ಅಯೋಡಿನ್ 37 ಹನಿ ಕುಡಿಯಿತು. ಕೈಗೆ ಸ್ವಲ್ಪ ಅಂಟು ಅಂಟು, ಅಷ್ಟು ನಯ ಇಲ್ಲ. ಆದರೆ ಕೊಟ್ಟ ದುಡ್ಡಿಗೆ ಹೇಳಿದ ಮಾಲು ಒಳಗಿದೆ.

ಪಟ್ಟಿಯಲ್ಲೂ ಅಯೋಡಿನ್‌ನಲ್ಲೂ ಕಾಣದ ಇನ್ನೊಂದಿದೆ, ಪಿಎಚ್, ಅಂದರೆ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲ ಜಾಸ್ತಿ. ಶುದ್ಧ ಆಸ್ಕಾರ್ಬಿಕ್ ಆಸಿಡ್ ಚರ್ಮದೊಳಗೆ ಇಳಿಯಬೇಕಾದರೆ ಪಿಎಚ್ 3.5ಕ್ಕಿಂತ ಕಡಿಮೆ ಇರಬೇಕಂತೆ. ಹುಡುಗಿ ಪಿಎಚ್ ಕಾಗದ ತಂದು ಅದ್ದಿ ನೋಡಿದಳು. ದುಬಾರಿದೂ 700ರದೂ 3ರ ಆಸುಪಾಸು. ನಮ್ಮ 549ರದು 5 ದಾಟಿತ್ತು. ಚುರುಚುರು ಅನ್ನದೇ ಇದ್ದದ್ದು ಸೌಮ್ಯತೆ ಅಲ್ಲ, ಅಷ್ಟು ಆಮ್ಲವೇ ಇರಲಿಲ್ಲ.

ಇದನ್ನು ಓದಿ ಎಲ್ಲ ಬಾಟಲಿಗೂ ಅಯೋಡಿನ್ ಹಾಕಲು ಹೋಗಬೇಡಿ. ಕೆಲವು ಸೀರಮ್‌ನಲ್ಲಿ ಎಥಿಲ್ ಆಸ್ಕಾರ್ಬಿಕ್ ಆಸಿಡ್, ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್ ತರಹದ ಬೇರೆ ರೂಪ ಇರುತ್ತೆ. ಅವು ಶುದ್ಧ ಆಸ್ಕಾರ್ಬಿಕ್ ಆಸಿಡ್ ಹಾಗೆ ಬಣ್ಣ ನುಂಗುವುದಿಲ್ಲ, ಅವಕ್ಕೆ ಅಷ್ಟು ಕಡಿಮೆ ಪಿಎಚ್ ಕೂಡ ಬೇಡ. ಅವನ್ನು ನಕಲಿ ಅಂದರೆ ಅನ್ಯಾಯ. ಫೆರುಲಿಕ್ ಕೂಡ ಸ್ವಲ್ಪ ಅಯೋಡಿನ್ ತಿನ್ನಬಹುದು. ಹಾಗಾಗಿ 37ಕ್ಕೂ 33ಕ್ಕೂ ವ್ಯತ್ಯಾಸ ಹುಡುಕಬೇಡಿ. 37 ಎಲ್ಲಿ, 3 ಎಲ್ಲಿ, ಅಷ್ಟು ದೂರ ಇದ್ದಾಗ ಮಾತ್ರ ಮಾತಾಡಿ. ನಿಯಾಸಿನಮೈಡ್, ಅಂದರೆ ವಿಟಮಿನ್ ಬಿ3ಯ ಒಂದು ರೂಪ, ಅದರ ಸೀರಮ್ ಆದರೆ ಈ ತಲೆನೋವೇ ಇಲ್ಲ. ಅದು ಸುಲಭಕ್ಕೆ ಕೆಡುವುದಿಲ್ಲ. ಶೇಕಡಾವಾರು ಬರೆದಿದ್ದು, ಹೆಸರು ಪಟ್ಟಿಯ ಮೊದಲ ಎರಡು ಮೂರರಲ್ಲಿದ್ದರೆ ಅಗ್ಗದ್ದನ್ನೇ ನಾನು ಕಣ್ಣುಮುಚ್ಚಿ ತಗೊಳ್ತೇನೆ.

ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ತೆಗೆಯದ ಒಂದು ಬಾಟಲಿಗೆ ಬದಲು ಶಾಂಪೂ ಕೊಟ್ಟರು, ಅದೂ ಅರ್ಧ ಗಂಟೆ ವಾದ ಮಾಡಿದ ಮೇಲೆ. ತಂಗಿಗೆ ಶಾಂಪೂ ಹೋಯಿತು. ಆಫೀಸಿನ ಗೆಳತಿಗೆ 500 ವಾಪಸ್ ಕೊಟ್ಟೆ, ಬೇಡ ಬೇಡ ಅಂತಲೇ ಇಸ್ಕೊಂಡಳು. ನೆಗೆಣ್ಣಿಗೆ ಎಲ್ಲ ಬಿಡಿಸಿ ಹೇಳಿದೆ, ಕಪ್ಪಿನ ಫೋಟೋ ತೋರಿಸಿದೆ. ಅವರು ಗಲ್ಲ ಸವರಿಕೊಂಡು "ಇರಲಿ ಬಿಡವಾ, ನನ್ನ ಮಾರಿ ಮೆತ್ತಗಾಗೇತಿ" ಅಂದರು. ಗ್ಲಿಸರಿನ್ ಎರಡನೇ ಜಾಗದಲ್ಲಿದೆಯಲ್ಲ, ಆಗದೆ ಇರುತ್ತಾ! ಅವರಿನ್ನೂ ಅದನ್ನೇ ಹಚ್ಚುತ್ತಿದ್ದಾರೆ.