ಮೂರು ಸಾಲು ಹ್ಯೂಮ್ ಪೈಪೋ, ಒಂದು ಬಾಕ್ಸ್ ಮೋರಿಯೋ? ಒಂದೇ ರಸ್ತೆಯಲ್ಲಿ ಎರಡನ್ನೂ ಹಾಕಿ ನೋಡಿದ್ದು

ತುಮಕೂರು ಜಿಲ್ಲೆಯ ಒಂದು ಹಳ್ಳಿ ರಸ್ತೆ. ಅದನ್ನು ಎರಡು ಹಳ್ಳಗಳು ದಾಟುತ್ತವೆ. ಎರಡರ ನಡುವೆ ಒಂದು ಕಿಲೋಮೀಟರ್ ಕೂಡ ಇಲ್ಲ. ಒಂದೇ ಗುಡ್ಡದ ನೀರು, ಒಂದೇ ತರಹದ ಕೆಂಪು ಗೋಡು ಮಣ್ಣು, ಎರಡೂ ಕಡೆ ತೆಂಗಿನ ತೋಟ. ಎರಡರಲ್ಲೂ ಹಳೆಯ 900 ಮಿ.ಮೀ. ಪೈಪ್ ಒಂದೊಂದೇ ಇತ್ತು. ಜೋರು ಮಳೆ ಬಂದಾಗಲೆಲ್ಲ ನೀರು ರಸ್ತೆ ಮೇಲೆ ಹತ್ತಿ, ಆಚೆ ಬದಿಯ ಅಂಚನ್ನು ಕೊರೆದುಕೊಂಡು ಹೋಗುತ್ತಿತ್ತು. ದುರಸ್ತಿಯ ಕೆಲಸ ನನಗೆ ಬಂದಾಗ ಒಂದು ಹಳ್ಳಕ್ಕೆ 1000 ಮಿ.ಮೀ. ಪೈಪ್ ಮೂರು ಸಾಲು ಹಾಕಿದೆವು, ಇನ್ನೊಂದಕ್ಕೆ 2 ಮೀಟರ್ ಅಗಲ, 1.5 ಮೀಟರ್ ಎತ್ತರದ ಬಾಕ್ಸ್. ಆಮೇಲೆ ಮೂರು ಮಳೆಗಾಲ ನೋಡಿದ್ದೇನೆ.

ಮೊದಲು ಎಷ್ಟು ನೀರು ಬರುತ್ತದೆ ಅನ್ನುವುದು ಗೊತ್ತಾಗಬೇಕು. ಟೋಪೋಶೀಟ್ ಮೇಲೆ ಗೆರೆ ಎಳೆದಾಗ ಮೋರಿಗೆ ನೀರು ಹರಿಸುವ ಜಾಗ 45 ಹೆಕ್ಟೇರ್ ಬಂತು. ಅತಿ ದೂರದ ತುದಿಯಿಂದ ಮೋರಿಗೆ 1.2 ಕಿ.ಮೀ., ಇಳಿತ 24 ಮೀಟರ್. ಸಣ್ಣ ಸೇತುವೆ, ಮೋರಿಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟಿರುವ ಮಾರ್ಗಸೂಚಿ ಐಆರ್‌ಸಿ ಎಸ್‌ಪಿ 13ರಲ್ಲಿರುವ ಸೂತ್ರ ಹೀಗಿದೆ:

```
tc = (0.87 L^3 / H)^0.385
Ic = (F/T) * (T+1) / (tc+1)
Q  = 0.028 * P * f * A * Ic
```

`L` ಆ ದೂರ ಕಿ.ಮೀ. ಲೆಕ್ಕದಲ್ಲಿ, `H` ಇಳಿತ ಮೀಟರಿನಲ್ಲಿ, `A` ಜಾಗ ಹೆಕ್ಟೇರಿನಲ್ಲಿ, `F` ಅಂದರೆ `T` ಗಂಟೆಯಲ್ಲಿ ಬಿದ್ದ ಮಳೆ ಸೆಂ.ಮೀ. ಲೆಕ್ಕದಲ್ಲಿ. `tc` ಅಂದರೆ ದೂರದ ತುದಿಯ ನೀರು ಮೋರಿ ಮುಟ್ಟಲು ಬೇಕಾದ ಗಂಟೆ. ಇಲ್ಲಿ 0.34, ಸುಮಾರು 20 ನಿಮಿಷ. ಹೋಬಳಿಯ ಮಳೆಮಾಪಕದಲ್ಲಿ ನಮಗೆ ಸಿಕ್ಕ ದೊಡ್ಡ ಮಳೆ 3 ಗಂಟೆಯಲ್ಲಿ 9 ಸೆಂ.ಮೀ. ಅದನ್ನು 20 ನಿಮಿಷದ ಬಿರುಸಿಗೆ ಇಳಿಸಿದರೆ `Ic` ಗಂಟೆಗೆ 8.9 ಸೆಂ.ಮೀ. ಆಗುತ್ತದೆ. ಸಣ್ಣ ಹಳ್ಳಗಳಲ್ಲಿ ಜನ ಎಡವುವುದು ಇಲ್ಲೇ. ದಿನದ ಮಳೆಯನ್ನು 24ರಿಂದ ಭಾಗಿಸಿ ಸುಮ್ನೆ ಹಾಕಿದರೆ ಮೋರಿ ತೀರಾ ಚಿಕ್ಕದಾಗಿಬಿಡುತ್ತದೆ. `P` ಅಂದರೆ ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು, ತೆಳುವಾಗಿ ಬೆಳೆಯಿರುವ ಗೋಡು ಮಣ್ಣಿಗೆ 0.4. `f` ಅಂದರೆ ದೊಡ್ಡ ಜಾಗದಲ್ಲಿ ಮಳೆ ಒಂದೇ ಸಮ ಬೀಳದ್ದಕ್ಕೆ ಮಾಡುವ ಕಡಿತ, ಇಷ್ಟು ಸಣ್ಣ ಜಾಗಕ್ಕೆ 1. ಲೆಕ್ಕ ಹಾಕಿದರೆ ಸೆಕೆಂಡಿಗೆ 4.5 ಘನ ಮೀಟರ್.

ಈ ಒಂದು ಸಂಖ್ಯೆಯನ್ನೇ ನಂಬಿಕೊಂಡು ಕೂರುವುದು ನನಗೆ ಒಗ್ಗುವುದಿಲ್ಲ. ಹಳ್ಳದ ದಂಡೆಯಲ್ಲಿ ತೋಟ ಇರುವ ಅಜ್ಜಿಯನ್ನು ಕೇಳಿದೆ. "ನೋಡಪ್ಪ, ಆ ಹೊಂಗೆ ಮರದ ಬೇರು ಕಾಣ್ತದಲ್ಲ, ಅಲ್ಲೀ ತನಕ ಬಂದಿತ್ತು" ಅಂದರು. ಆ ಗುರುತಿಗೆ ಹಳ್ಳವನ್ನು ಅಳೆದಾಗ ಅಗಲ ಸರಾಸರಿ 3 ಮೀಟರ್, ಆಳ 0.9, ತಳದ ಇಳಿಜಾರು 150ಕ್ಕೆ 1. ಮ್ಯಾನಿಂಗ್ ಸೂತ್ರದಲ್ಲಿ ಹಳ್ಳದ ಒರಟುತನ ಹೇಳುವ `n` ಅನ್ನು, ಗಿಡಗಂಟಿ ಇರುವುದರಿಂದ, 0.035 ಹಿಡಿದರೆ ವೇಗ ಸೆಕೆಂಡಿಗೆ 1.6 ಮೀಟರ್, ಹರಿವು 4.4 ಘನ ಮೀಟರ್. ಎರಡು ದಾರಿಯಲ್ಲೂ ಹತ್ತಿರ ಹತ್ತಿರ ಅದೇ ಬಂದಾಗ ಧೈರ್ಯ ಬಂತು. ಇನ್ನೊಂದು ಹಳ್ಳದ ಲೆಕ್ಕವೂ ಹೆಚ್ಚು ಕಡಿಮೆ ಇಷ್ಟೇ ಬಂತು.

ಹಳ್ಳದ ತಳದಿಂದ ರಸ್ತೆಗೆ ಎರಡೂ ಕಡೆ 1.8 ಮೀಟರ್ ಎತ್ತರ. ಹಳೆಯ 900ರ ಪೈಪು, ಮುಂದೆ ನೀರು ರಸ್ತೆ ಮಟ್ಟಕ್ಕೆ ನಿಂತರೂ, 1.9 ಘನ ಮೀಟರ್ ಮಾತ್ರ ದಾಟಿಸಬಲ್ಲದು. ಉಳಿದದ್ದು ರಸ್ತೆ ಹತ್ತದೆ ಇನ್ನೆಲ್ಲಿ ಹೋಗಬೇಕು?

ಇಳಿಜಾರಾದ ಹಳ್ಳದಲ್ಲಿ ಮೋರಿ ಎಷ್ಟು ನೀರು ದಾಟಿಸುತ್ತದೆ ಅನ್ನುವುದನ್ನು ಅದರ ಬಾಯಿ ತೀರ್ಮಾನಿಸುತ್ತದೆ, ಉದ್ದವಲ್ಲ. ಬಾಯಲ್ಲಿ 1.2 ಮೀಟರ್ ನೀರು ನಿಂತರೆ 1000ದ ಒಂದು ಪೈಪ್ ಸುಮಾರು 1.5 ಘನ ಮೀಟರ್ ನುಂಗುತ್ತದೆ. ಮೂರಕ್ಕೆ 4.5. ಬಾಕ್ಸ್‌ನಲ್ಲಿ ಅದೇ 4.5ಕ್ಕೆ ನೀರು 1.3 ಮೀಟರ್ ಏರುತ್ತದೆ. ಕಾಗದದ ಮೇಲೆ ಪೈಪೇ ಒಂದು ಗುಲಗಂಜಿ ಮುಂದೆ. ಮೂರನೇ ಒಂದು ಭಾಗ ಕಟ್ಟಿಕೊಂಡರೆ ಏನಾಗುತ್ತದೆ ಅಂತಲೂ ಲೆಕ್ಕ ಹಾಕಿದೆ. ಒಂದು ಪೈಪ್ ಮುಚ್ಚಿಹೋದರೆ ನೀರು 1.74 ಮೀಟರ್ ಏರುತ್ತದೆ. ಬಾಕ್ಸ್‌ನ ಅಗಲದಲ್ಲಿ ಮೂರನೇ ಒಂದು ಭಾಗ ಹೋದರೆ 1.72. ಎರಡೂ ಕಡೆ ರಸ್ತೆಗೆ ಎರಡು ಮೂರು ಇಂಚು ಬಾಕಿ. ಅಂದರೆ ಲೆಕ್ಕದಲ್ಲಿ ಎರಡೂ ಸಮವೇ.

ವ್ಯತ್ಯಾಸ ಕಂಡದ್ದು ಮಳೆಗಾಲದಲ್ಲಿ. ಹಳ್ಳದ ತಳ ಎರಡೂವರೆ ಮೀಟರ್ ಅಗಲ. ಮೂರು ಪೈಪ್, ಅವುಗಳ ಗೋಡೆ ದಪ್ಪ, ಮಣ್ಣು ಧಮ್ಮಸ್ ಮಾಡಲು ನಡುವೆ ಅರ್ಧ ಮೀಟರಿಗಿಂತ ಜಾಸ್ತಿ ಜಾಗ, ಎಲ್ಲ ಸೇರಿ ಸುಮಾರು 5 ಮೀಟರ್ ಆಯಿತು. ಹಾಗಾಗಿ ದಂಡೆಯನ್ನು ಎರಡೂ ಕಡೆ ಅಗೆದು ಅಗಲ ಮಾಡಿದ್ದೆವು. ಸಣ್ಣ ಮಳೆಗಳಲ್ಲಿ ನೀರು ನಡುವಿನ ಪೈಪಲ್ಲಿ ಮಾತ್ರ ಓಡಿತು. ಪಕ್ಕದ ಎರಡರ ಮುಂದೆ ನೀರಿನ ವೇಗ ಸತ್ತು ಮರಳು ಕೂತಿತು. ಮೊದಲ ವರ್ಷದ ಕೊನೆಗೆ ಎಡಗಡೆಯ ಪೈಪಿನಲ್ಲಿ ಮೊಣಕಾಲುದ್ದ ಹೂಳು, ಅದರ ಮೇಲೆ ಹುಲ್ಲು. ಎರಡನೇ ವರ್ಷ ಒಂದು ರಾತ್ರಿಯ ಮಳೆಗೆ ತೆಂಗಿನ ಗರಿಗಳು ಬಂದು ನಡುವಿನ ಪೈಪಿನ ಬಾಯಿಗೆ ಅಡ್ಡ ಕೂತವು. ಗರಿಗೆ ಸೀಮೆಜಾಲಿ ಸಿಕ್ಕಿಕೊಂಡಿತು, ಅದರ ಮೇಲೆ ಪ್ಲಾಸ್ಟಿಕ್. ಬೆಳಿಗ್ಗೆ ಹೋದಾಗ ಕಸದ ಗೆರೆ ಡಾಂಬರಿನ ಅಂಚಲ್ಲೇ ಇತ್ತು.

ಅದೇ ರಾತ್ರಿ ಬಾಕ್ಸ್‌ನಲ್ಲೂ ಗರಿಗಳು ಬಂದಿದ್ದವು. ಎರಡು ಒಳಗೇ ಉಳಿದಿದ್ದವು, ಉದ್ದಕ್ಕೆ ತಿರುಗಿ ಗೋಡೆಗೆ ಒರಗಿ. ಉಳಿದವು ದಾಟಿ ಕೆಳಗಿನ ತೋಟದ ಬದುವಿಗೆ ಸೇರಿದ್ದವು. ನೀರಿನ ಗುರುತು ಗೋಡೆಯ ಮೇಲೆ 1.1 ಮೀಟರಿಗೆ ನಿಂತಿತ್ತು. ನಡುವೆ ಕಂಬವಿಲ್ಲದ ಎರಡು ಮೀಟರ್ ಬಾಯಿ, ನೀರಿನ ಮೇಲೆ ಸ್ವಲ್ಪ ಖಾಲಿ ಜಾಗ. ತೇಲುವ ಕಸಕ್ಕೆ ಬೇಕಾದದ್ದು ಇದು ಎರಡೇ.

ಬಾಕ್ಸ್‌ಗೂ ಅದರದೇ ಕಷ್ಟ ಇದೆ. ಪೈಪ್ ಕೆಲಸಕ್ಕೆ ರಸ್ತೆ ನಾಲ್ಕು ದಿನ ಮುಚ್ಚಿದರೆ, ಕಬ್ಬಿಣ ಕಟ್ಟಿ, ಸೆಂಟ್ರಿಂಗ್ ಹೊಡೆದು, ಕಾಂಕ್ರೀಟ್ ಹಾಕಿ, ನೀರುಣಿಸಿ ಮುಗಿಸಲು ತಿಂಗಳು ದಾಟಿತು. ಅಲ್ಲಿಯ ತನಕ ಪಕ್ಕದ ಹೊಲದಲ್ಲಿ ಬದಲಿ ದಾರಿ ಬೇಕಾಯಿತು. ಖರ್ಚು ನಮಗೆ ಹೆಚ್ಚು ಕಡಿಮೆ ಒಂದೂವರೆ ಪಟ್ಟು. ಇನ್ನೊಂದು ತಪ್ಪು ನನ್ನದೇ. ಬಾಕ್ಸ್‌ನಿಂದ ನೀರು ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಕೆಳಗಡೆ ಕಲ್ಲು ಹಾಸನ್ನು ಒಂದೂವರೆ ಮೀಟರಿಗೆ ನಿಲ್ಲಿಸಿದ್ದೆ. ಮೊದಲ ವರ್ಷವೇ ಅದರ ತುದಿಯಲ್ಲಿ ಸೊಂಟದಾಳದ ಗುಂಡಿ ಬಿತ್ತು. ಆಮೇಲೆ ಹಾಸನ್ನು 4 ಮೀಟರಿಗೆ ಎಳೆದು, ತುದಿಯಲ್ಲಿ ಒಂದು ಮೀಟರ್ ಆಳಕ್ಕೆ ಕಾಂಕ್ರೀಟ್ ಗೋಡೆ ಇಳಿಸಿದೆವು. ಅಲ್ಲಿಂದ ಈಚೆಗೆ ಗುಂಡಿ ಬಿದ್ದಿಲ್ಲ.

ಈ ಹೋಲಿಕೆ ಎಲ್ಲ ಕಡೆಗೂ ನಡೆಯುವುದಿಲ್ಲ. ಮೋರಿಯ ಕೆಳಗೆ ಗದ್ದೆ ಬಯಲಿದ್ದು, ಮಳೆಯಲ್ಲಿ ಅದೇ ತುಂಬಿ ನಿಲ್ಲುವಂತಿದ್ದರೆ ಬಾಯಿಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಆಗ ಕೆಳಗಿನ ನೀರಿನ ಮಟ್ಟ ಅಳೆದು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಮೇಲೆ ಕೆರೆ ಇದ್ದರೆ ಅದರ ಕೋಡಿಯ ನೀರನ್ನು ಬೇರೆಯಾಗಿ ನೋಡಬೇಕು.

ಇದೇ ರಸ್ತೆಯಲ್ಲಿ ಮುಂದೆ 10 ಹೆಕ್ಟೇರಿನ ಒಂದು ಸಣ್ಣ ಕೊರಕಲಿದೆ. ಅದಕ್ಕೆ ಒಂದು ಘನ ಮೀಟರಿನ ಲೆಕ್ಕ ಬಂತು. ಅಲ್ಲಿ ಯೋಚಿಸದೆ 1000ದ ಒಂದೇ ಪೈಪ್ ಹಾಕಿದ್ದೇನೆ, ಮೇಲೆ 60 ಸೆಂ.ಮೀ. ಮಣ್ಣಿನ ಹೊದಿಕೆ ಕೊಟ್ಟು. ಒಂದೇ ಪೈಪಾದರೆ ಎಲ್ಲ ನೀರೂ ಅದರಲ್ಲೇ ಓಡಿ ತಳ ತಾನೇ ತೊಳೆದುಕೊಳ್ಳುತ್ತದೆ. ಹೂಳು ಕೂತರೂ ಆಳು ಬಗ್ಗಿ ಒಳಗೆ ಹೋಗಿ ತೆಗೆಯಬಹುದು. ಮೂರು ಸಾಲಿನ ಮೋರಿಗೆ ಈಗ ಮೇಲ್ಗಡೆ ಹತ್ತು ಮೀಟರ್ ದೂರದಲ್ಲಿ ಕಲ್ಲುಕಂಬಗಳನ್ನು ಓರೆಯಾಗಿ ನೆಟ್ಟಿದ್ದೇವೆ, ಗರಿಗಳು ಅಲ್ಲೇ ತಡೆದು ನಿಲ್ಲಲಿ ಅಂತ. ಮೇ ಕೊನೆಯಲ್ಲೊಮ್ಮೆ, ಗೌರಿ ಹಬ್ಬಕ್ಕೆ ಮುಂಚೆ ಇನ್ನೊಮ್ಮೆ ಅಲ್ಲಿ ಸಿಕ್ಕಿಕೊಂಡ ಗರಿಗಳನ್ನು ತೆಗೆಸಬೇಕು. ಬಾಕ್ಸ್‌ನ ಕಸ ತೆಗೆಯಲು ಇಲ್ಲಿಯ ತನಕ ಒಂದು ಸಲವೂ ಆಳು ಕರೆಸಿಲ್ಲ.