ಎರಡು ಗೂಡಿನ ಬಕೆಟ್, ಒಂದು ಚಪ್ಪಟೆ ಮಾಪ್: ವಿಟ್ರಿಫೈಡ್ ಟೈಲ್ಸ್ ಮೇಲೆ ಎರಡು ವರ್ಷದ ಬಳಕೆ

ಈ ಮಾಪ್ ಹೇಗಿರುತ್ತದೆ ಅಂತ ಎಲ್ಲರೂ ನೋಡಿರುತ್ತೀರಿ. ಚಪ್ಪಟೆ ತಲೆ, ಅದಕ್ಕೆ ಮೈಕ್ರೋಫೈಬರ್ ಪ್ಯಾಡ್, ಜೊತೆಗೆ ಎರಡು ಗೂಡಿನ ಬಕೆಟ್. ಒಂದು ಗೂಡಿನಲ್ಲಿ ಅದ್ದಿ ತೊಳೆಯಬೇಕು, ಇನ್ನೊಂದರಲ್ಲಿ ಮೇಲೆ ಕೆಳಗೆ ಆಡಿಸಿ ಹಿಂಡಬೇಕು. ನಾನು ಸುಮಾರು 1,500 ರೂಪಾಯಿಗೆ ಕೊಂಡೆ. ಎರಡು ವರ್ಷದ ಮೇಲಾಯಿತು, ದಿನಾ ಬಳಸುತ್ತಿದ್ದೇನೆ. ಕೊಂಡ ಕಾರಣ ಒಂದೇ: ನಮ್ಮ ಹಾಲ್‌ನ ಬಿಳಿ ವಿಟ್ರಿಫೈಡ್ ಟೈಲ್ಸ್ ಮೇಲೆ ಒರೆಸಿದ ಗೆರೆ ಹೋಗುತ್ತಲೇ ಇರಲಿಲ್ಲ. ಸಂಜೆ ಬಾಲ್ಕನಿ ಕಡೆಯಿಂದ ಬೆಳಕು ಅಡ್ಡ ಬಿದ್ದಾಗ ಅರ್ಧಚಂದ್ರಾಕಾರದ ಮಸುಕು ಪಟ್ಟಿಗಳು ಕಾಣುತ್ತಿದ್ದವು. ಬರಿಗಾಲಲ್ಲಿ ನಡೆದರೆ ಪಾದ ಸಣ್ಣಗೆ ಅಂಟುತ್ತಿತ್ತು. ಒರೆಸಿದ ಒಂದು ಗಂಟೆಯಲ್ಲೇ ಹೆಜ್ಜೆ ಗುರುತು ಮೂಡುತ್ತಿತ್ತು.

ಮೊದಲ ವಾರ ಈ ಮಾಪ್‌ನಿಂದಲೂ ಗೆರೆ ಹೋಗಲಿಲ್ಲ. ಹಳೇ ದಾರದ ಮಾಪ್ ಬಿಡುತ್ತಿದ್ದ ದಪ್ಪ ಗೆರೆಯ ಬದಲು ತೆಳು ಗೆರೆ ಬಂತು, ಅಷ್ಟೇ. ವಿಷಯ ಇರುವುದು ಮಾಪ್‌ನಲ್ಲಿ ಅಲ್ಲ, ನೆಲದ ಮೇಲೆ ಈಗಾಗಲೇ ಕೂತಿರುವ ಪದರದಲ್ಲಿ. ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬಕೆಟ್‌ಗೆ ಹಾಕಿದ ಫ್ಲೋರ್ ಕ್ಲೀನರ್‌ನಲ್ಲಿ ನೀರು ಆರಿ ಹೋಗುತ್ತದೆ, ಆದರೆ ಸಾಬೂನಿನ ಅಂಶ, ಬಣ್ಣ, ಪರಿಮಳದ ಎಣ್ಣೆ ಎಲ್ಲವೂ ಟೈಲ್ಸ್ ಮೇಲೆ ಉಳಿಯುತ್ತವೆ. ಮರುದಿನ ಅದರ ಮೇಲೆ ಇನ್ನೊಂದು ಪದರ. ಆ ಅಂಟಿಗೆ ಧೂಳು ಹಿಡಿಯುತ್ತದೆ, ನೆಲ ಕೊಳೆಯಾಗಿ ಕಾಣುತ್ತದೆ, ಇನ್ನೂ ಸ್ವಲ್ಪ ಜಾಸ್ತಿ ಕ್ಲೀನರ್ ಬೀಳುತ್ತದೆ. ನಮ್ಮ ಅಪಾರ್ಟ್‌ಮೆಂಟ್‌ನದು ಬೋರ್‌ವೆಲ್ ನೀರು, ಗಡಸು ಬೇರೆ. ಅದು ಆರಿದಾಗ ಸುಣ್ಣದ ಅಂಶ ಬಿಳಿ ಮಬ್ಬಾಗಿ ಕೂರುತ್ತದೆ.

ಇನ್ನೊಂದು ಕಾರಣ ಬಹಳ ಮನೆಗಳಲ್ಲಿ ಇದೆ, ಗಮನಿಸುವವರು ಕಡಿಮೆ. ಪರಿಮಳದ ಕ್ಲೀನರ್ ಜೊತೆಗೆ ಒಂದು ಚಿಟಿಕೆ ಬಟ್ಟೆ ಒಗೆಯುವ ಪುಡಿಯನ್ನೂ ಹಾಕುವ ಅಭ್ಯಾಸ. ಕ್ರಿಮಿನಾಶಕ ಕ್ಲೀನರ್‌ಗಳಲ್ಲಿ ತುಂಬಾ ಕಡೆ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ. ಅದು ಧನ ವಿದ್ಯುದಂಶದ ಸಾಬೂನು. ಪುಡಿಯಲ್ಲಿರುವುದು ಋಣ ವಿದ್ಯುದಂಶದ್ದು. ಎರಡೂ ಸೇರಿದರೆ ಒಂದನ್ನೊಂದು ಹಿಡಿದುಕೊಂಡು ನೀರಿನಲ್ಲಿ ಕರಗದ ಅಂಟು ಪದಾರ್ಥ ಆಗುತ್ತದೆ. ಕ್ರಿಮಿ ಕೊಲ್ಲುವ ಶಕ್ತಿಯೂ ಹೋಯಿತು, ಗೆರೆಯೂ ಉಳಿಯಿತು. ಬಾಟಲಿಯ ಹಿಂದೆ ಆ ಹೆಸರು ಇದ್ದರೆ ಪುಡಿ ಸೇರಿಸಲೇಬೇಡಿ.

ಅಂಟು ಪದರ ಇದೆಯೋ ಇಲ್ಲವೋ ತಿಳಿಯುವುದು ಸುಲಭ. ಒಂದೇ ಒಂದು ಟೈಲ್ ಆರಿಸಿಕೊಳ್ಳಿ, ಸೋಫಾ ಪಕ್ಕದ್ದು ಒಳ್ಳೆಯದು. ಒಂದೆರಡು ಚಮಚ ಬಿಸಿ ನೀರು ಹಾಕಿ ಬೆರಳಿನಿಂದ ಉಜ್ಜಿ. ಏನೂ ಹಾಕದೆ ನೊರೆ ಬಂದರೆ ಅದು ಹಳೇ ಕ್ಲೀನರ್. ಆ ಟೈಲನ್ನು ಬರೀ ಬಿಸಿ ನೀರಲ್ಲಿ ಎರಡು ಸಲ ಒರೆಸಿ, ಒಣ ಬಟ್ಟೆಯಲ್ಲಿ ಒಣಗಿಸಿ. ಸಂಜೆ ಅಡ್ಡ ಬೆಳಕಿನಲ್ಲಿ ಪಕ್ಕದ ಟೈಲ್ ಜೊತೆ ಹೋಲಿಸಿ ನೋಡಿ. ನಮ್ಮ ಮನೆಯಲ್ಲಿ ಆ ಒಂದು ಟೈಲ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿದ ಮೇಲೆ ಇಡೀ ಹಾಲ್‌ನ ಅಂಟು ಒಂದು ಸಲ ಬಿಡಿಸಲೇಬೇಕು ಅನ್ನಿಸಿತು.

ಬಿಡಿಸಿದ್ದು ಹೀಗೆ. ನಮ್ಮ ಹಾಲ್ ಸುಮಾರು 10 ಅಡಿ ಅಗಲ, 14 ಅಡಿ ಉದ್ದ. ಮೊದಲು ಚೆನ್ನಾಗಿ ಗುಡಿಸಿದೆವು. ಮರಳಿನ ಒಂದು ಕಣ ಪ್ಯಾಡ್‌ಗೆ ಸಿಕ್ಕಿದರೂ ಉಜ್ಜುವಾಗ ಟೈಲ್ಸ್‌ನ ಹೊಳಪು ಗೀಚುತ್ತದೆ. ಆಮೇಲೆ 4 ಲೀಟರ್ ಬಿಸಿ ನೀರಿಗೆ ಅರ್ಧ ಲೋಟ, ಅಂದರೆ 100 ಮಿಲಿಯಷ್ಟು, ಅಡುಗೆಯ ಬಿಳಿ ವಿನೆಗರ್. ಕ್ಲೀನರ್ ಒಂದು ಹನಿಯೂ ಇಲ್ಲ. ಬಾಗಿಲಿನಿಂದ ದೂರದ ಮೂಲೆಯಿಂದ ಶುರು ಮಾಡಿ, ಒಂದು ಸಲಕ್ಕೆ ನಾಲ್ಕು ಟೈಲ್ ಮಾತ್ರ ಒದ್ದೆ ಮಾಡಿ, ಎರಡು ನಿಮಿಷ ಬಿಟ್ಟು ಉಜ್ಜಿ, ಆರುವ ಮೊದಲೇ ಎತ್ತಿಕೊಂಡೆವು. ಆರಲು ಬಿಟ್ಟರೆ ಕರಗಿದ ಅಂಟು ಮತ್ತೆ ಅಲ್ಲೇ ಕೂರುತ್ತದೆ. ಪ್ರತಿ ನಾಲ್ಕು ಟೈಲ್‌ಗೆ ಒಮ್ಮೆ ಪ್ಯಾಡ್ ಜಾಲಿಸಿದೆವು. ಅರ್ಧ ಹಾಲ್ ಮುಗಿಯುವಷ್ಟರಲ್ಲಿ ನೀರು ಹಾಲಿನ ಚಹಾದ ಬಣ್ಣಕ್ಕೆ ಬಂತು. ಚೆಲ್ಲಿ ಹೊಸ ನೀರು ಹಾಕಿದೆವು. ಕೊನೆಗೆ ಬರೀ ನೀರಿನಲ್ಲಿ ಎರಡು ಸುತ್ತು, ಆಮೇಲೆ ಒಣ ಪ್ಯಾಡ್‌ನಲ್ಲಿ ಒಂದು ಸುತ್ತು. ಭಾನುವಾರದ ಬೆಳಿಗ್ಗೆ ಪೂರ್ತಿ ಹಿಡಿಯಿತು. ಮಧ್ಯಾಹ್ನ ಬರಿಗಾಲಲ್ಲಿ ಓಡಾಡಿದಾಗ ಪಾದಕ್ಕೆ ತಣ್ಣಗೆ, ಒಣಗಿದ ಸ್ಪರ್ಶ. ಅಂಟೇ ಇಲ್ಲ.

ವಿನೆಗರ್ ಬಗ್ಗೆ ಒಂದು ಮಾತು. ವಿಟ್ರಿಫೈಡ್ ಟೈಲ್ಸ್‌ಗೆ ಒಂದೊಂದು ಸಲ ಪರವಾಗಿಲ್ಲ, ಆದರೆ ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟ್‌ಗೆ ದಿನಾ ತಾಗಿದರೆ ಅದು ಸವೆಯುತ್ತದೆ. ಮಾರ್ಬಲ್, ಕಡಪ ಕಲ್ಲಿನ ನೆಲಕ್ಕೆ ಅಂತೂ ಬೇಡವೇ ಬೇಡ, ಆಮ್ಲ ತಿಂದ ಜಾಗ ಮಂಕಾಗಿ ಹಾಗೇ ಉಳಿಯುತ್ತದೆ. ಬ್ಲೀಚಿಂಗ್ ದ್ರವದ ಜೊತೆಗೆ ವಿನೆಗರ್ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಬಚ್ಚಲಿಗೆ ಹಾಕುವ ಆಸಿಡ್ ಹಾಲ್‌ಗೆ ತರುವವರಿದ್ದಾರೆ, ಅದು ಗ್ರೌಟನ್ನೇ ತಿಂದುಬಿಡುತ್ತದೆ.

ಇಲ್ಲಿಂದ ಮುಂದೆ ಈ ಮಾಪ್ ನನಗೆ ನಿಜವಾಗಿ ಇಷ್ಟವಾಯಿತು. ದಿನದ ಒರೆಸುವಿಕೆಗೆ 4 ಲೀಟರ್ ನೀರಿಗೆ ಒಂದು ಟೀ ಚಮಚ ಕ್ಲೀನರ್, ಸಾಕು. ನೆಲದಲ್ಲಿ ನೊರೆ ಕಾಣಬಾರದು. ಬೆಳಿಗ್ಗೆ ಕಾಫಿ ಆದ ಮೇಲೆ ಮೊದಲು ಹಾಲ್, ಆಮೇಲೆ ರೂಮುಗಳು. ಅಡುಗೆ ಮನೆ ಕೊನೆಗೆ, ಒಗ್ಗರಣೆಯ ಎಣ್ಣೆ ಉಳಿದ ನೆಲಕ್ಕೆ ತಗುಲಬಾರದು ಅಂತ. ಮಾಪನ್ನು ಎಂಟರ ಆಕಾರದಲ್ಲಿ ಹಿಂದಕ್ಕೆ ನಡೆಯುತ್ತಾ ಎಳೆದರೆ ಮುಂದಿನ ಅಂಚಿನಲ್ಲಿ ಕೂದಲು, ಧೂಳು ಒಂದೇ ಸಾಲಿನಲ್ಲಿ ಬರುತ್ತವೆ. ಬಾಗುವಂತಿಲ್ಲ, ಸೊಂಟಕ್ಕೆ ನೆಮ್ಮದಿ. ಮಂಚದ ಕೆಳಗೆ ತಲೆ ಚಪ್ಪಟೆಯಾಗಿ ಹೋಗುತ್ತದೆ. ಮನೆ ಕೆಲಸಕ್ಕೆ ಬರುವ ಅಕ್ಕನಿಗೂ ಇದು ಹಿಡಿಸಿದೆ. "ಬಟ್ಟೇಲಿ ಕೂತು ಒರಸೋದಕ್ಕಿಂತ ಇದೇ ವಾಸಿ ಕಣಮ್ಮಾ" ಅಂದರು. ಮನೆಯಲ್ಲಿ ಯಾರಾದರೂ ಹುಷಾರಿಲ್ಲದಿದ್ದಾಗ ಮಾತ್ರ ಬಾಟಲಿಯಲ್ಲಿ ಹೇಳಿದ ಅಳತೆಯಷ್ಟು ಕ್ಲೀನರ್ ಹಾಕುತ್ತೇವೆ, ಅದರಲ್ಲೇ ಹೇಳಿದಷ್ಟು ಹೊತ್ತು ಬಿಟ್ಟು ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸುತ್ತೇವೆ.

ಈಗ ಸಿಟ್ಟು ಬಂದ ಭಾಗ. ಹಿಂಡುವ ಗೂಡಿನ ಬಾಯಲ್ಲಿ ಒಂದು ತೆಳು ರಬ್ಬರ್ ಪಟ್ಟಿ ಇದೆ. ಪ್ಯಾಡ್‌ನ ನೀರು ತೆಗೆಯುವುದು ಅದೇ. ಒಂದು ವರ್ಷ ಆಗುವಷ್ಟರಲ್ಲಿ ಅದರ ಅಂಚು ಸವೆದು ದುಂಡಗಾಯಿತು. ಪ್ಯಾಡ್ ಹಿಂಡಿದರೂ ತೊಟ್ಟಿಕ್ಕುತ್ತಲೇ ಬರುತ್ತದೆ. ಗಡಸು ನೀರು ಜಾಸ್ತಿ ಉಳಿದರೆ ಜಾಸ್ತಿ ಹೊತ್ತು ನೆಲದಲ್ಲಿ ನಿಂತು ಆರುತ್ತದೆ, ಬಿಳಿ ಗೆರೆ ವಾಪಸ್. ಅಂಟಿಲ್ಲದ ನೆಲದಲ್ಲೂ ಗೆರೆ ಬಂದದ್ದಕ್ಕೆ ಇದೇ ಕಾರಣ. ಕಂಪನಿಗೆ ಕೇಳಿದರೆ ಆ ಪಟ್ಟಿ ಬಿಡಿಯಾಗಿ ಸಿಗುವುದಿಲ್ಲ, ಹೊಸ ಬಕೆಟ್ ತಗೊಳ್ಳಿ ಅಂದರು. ಹತ್ತು ರೂಪಾಯಿಯ ರಬ್ಬರ್‌ಗೆ ಇಡೀ ಬಕೆಟ್ ಎಸೆಯಬೇಕಾ? ಇದು ನನಗೆ ಬಹಳ ಬೇಸರ ತಂದ ವಿಷಯ. ಈಗ ಪ್ಯಾಡ್ ಕಳಚಿ ಕೈಯಲ್ಲೇ ಹಿಂಡಿ ಮತ್ತೆ ಹಾಕಿಕೊಳ್ಳುತ್ತೇವೆ. ಸರಿಯಾಗಿ ಹಿಂಡಿದ ಪ್ಯಾಡ್ ಎಳೆದ ನೆಲ ಫ್ಯಾನ್ ಇಲ್ಲದೆ ಎರಡು ಮೂರು ನಿಮಿಷದಲ್ಲಿ ಒಣಗಬೇಕು. ಅದಕ್ಕಿಂತ ತಡವಾದರೆ ನೀರು ಜಾಸ್ತಿ ಅಂತಲೇ ಅರ್ಥ.

ಇನ್ನೂ ಒಂದು. "ಒಂದು ಬಕೆಟ್ ನೀರಲ್ಲಿ ಇಡೀ ಮನೆ" ಅಂತ ಮಾರುವಾಗ ಹೇಳುತ್ತಾರೆ. ತೊಳೆಯುವ ಗೂಡಿನ ನೀರು ಹಾಲ್ ಮುಗಿಯುವಷ್ಟರಲ್ಲೇ ಬೂದಿ ಬಣ್ಣ. ಕೊಳೆ ನೀರನ್ನು ಬೇರೆ ಹಿಡಿಯುವ ವ್ಯವಸ್ಥೆ ಈ ಮಾದರಿಯಲ್ಲಿ ಇಲ್ಲ. ನಮ್ಮ ಎರಡು ಬೆಡ್‌ರೂಮಿನ ಮನೆಗೆ ಎರಡು ಸಲ ನೀರು ಬದಲಿಸಬೇಕು. ಬಕೆಟ್‌ನ ತಳದ ಬಿರಡೆಯನ್ನು ಬಚ್ಚಲಲ್ಲಿ ಬಿಚ್ಚಿದರೆ ಹರಿದು ಹೋಗುತ್ತದೆ, ಎತ್ತಿ ಸುರಿಯುವ ಕಷ್ಟ ಇಲ್ಲ. ಆ ಬಿರಡೆ ಇಟ್ಟವರಿಗೆ ಥ್ಯಾಂಕ್ಸ್.

ಪ್ಯಾಡ್ ಒಗೆಯುವುದಕ್ಕೆ ಬರೀ ಸ್ವಲ್ಪ ಸಾಬೂನು, ಚೆನ್ನಾಗಿ ಜಾಲಿಸುವುದು, ಬಿಸಿಲಿಗೆ ಒಣಗಿಸುವುದು. ಬಟ್ಟೆ ಮೆತ್ತಗಾಗಿಸುವ ಕಂಡೀಷನರ್ ಹಾಕಿದರೆ ಎಳೆಗಳ ಮೇಲೆ ಜಿಡ್ಡು ಕೂತು ಪ್ಯಾಡ್ ಕೊಳೆ ಹಿಡಿಯುವುದೇ ಬಿಡುತ್ತದೆ. ಟವೆಲ್ ಜೊತೆ ಮೆಷಿನ್‌ಗೆ ಹಾಕಬೇಡಿ, ಹತ್ತಿಯ ನಾರು ಪೂರ್ತಿ ಅಂಟಿಕೊಳ್ಳುತ್ತದೆ. ಒಣ ಪ್ಯಾಡ್ ಮೇಲೆ ಅಂಗೈ ಆಡಿಸಿ ನೋಡಿ. ಹೊಸದು ಚರ್ಮಕ್ಕೆ ಸಣ್ಣಗೆ ಹಿಡಿಯುತ್ತದೆ. ನುಣ್ಣಗೆ ಜಾರಿದರೆ ಅದರ ಆಯುಸ್ಸು ಮುಗಿದಿದೆ.

ಕಪ್ಪು ಗುರುತುಗಳಿಗೆ ಈ ಮಾಪ್ ಉಪಯೋಗವಿಲ್ಲ. ಮಗನ ಶಾಲೆಯ ಶೂ ಎಳೆದ ಕಪ್ಪು ಗೆರೆ ರಬ್ಬರ್‌ನದು. ಅದಕ್ಕೆ ಅವನದೇ ಪೆನ್ಸಿಲ್ ರಬ್ಬರ್ ಒಣ ನೆಲದಲ್ಲಿ ಉಜ್ಜಿದರೆ ಸಾಕು. ಹೋಗದಿದ್ದರೆ ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಹಾಕಿ ಮೆತ್ತಗೆ ಉಜ್ಜಿ ಒರೆಸುತ್ತೇನೆ. ಬೀರು ಎಳೆದಾಗ ಆಗುವ ಬೂದಿ ಗೆರೆ ಬೇರೆ, ಅದು ಟೈಲ್ಸ್ ಗೀಚಿದ್ದಲ್ಲ, ಕಬ್ಬಿಣವೇ ಟೈಲ್ಸ್ ಮೇಲೆ ಸವೆದು ಕೂತಿರುವುದು. ಸಾಬೂನಿಗೆ ಬಗ್ಗುವುದಿಲ್ಲ. ಬಿಳಿ ಮ್ಯಾಜಿಕ್ ಸ್ಪಂಜನ್ನು ಒದ್ದೆ ಮಾಡಿ, ಮೊದಲು ಸೋಫಾ ಕೆಳಗಿನ ಟೈಲ್ ಮೇಲೆ ಪರೀಕ್ಷಿಸಿ ಆಮೇಲೆ ಉಜ್ಜಿ. ಆ ಸ್ಪಂಜ್ ನಯವಾದ ಉಪ್ಪುಕಾಗದದ ಕೆಲಸ ಮಾಡುತ್ತದೆ. ತಂಗಿ ಮನೆಯ ಲ್ಯಾಮಿನೇಟ್ ನೆಲದ ಮೇಲೆ ಅದನ್ನು ಉಜ್ಜಿದ ಜಾಗ ಈಗಲೂ ಮಂಕಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ರಬ್ಬರೇ ಗತಿ. ಪ್ಯಾಡನ್ನೂ ಅಲ್ಲಿ ಬಹುತೇಕ ಒಣಗಿಸಿಯೇ ಬಳಸಬೇಕು, ಜೋಡಣೆಯೊಳಗೆ ನೀರು ಇಳಿದರೆ ಹಲಗೆಯ ಅಂಚು ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಸಮ ಆಗುವುದಿಲ್ಲ.

ನಮ್ಮ ಮನೆಯಂಥ ಬಿಳಿ ಟೈಲ್ಸ್, ಬೋರ್ ನೀರು, ದಿನಾ ಒರೆಸುವ ಅಭ್ಯಾಸ ಇದ್ದರೆ ಈ ದುಡ್ಡಿಗೆ ಇದನ್ನು ಮತ್ತೆ ಕೊಳ್ಳುತ್ತೇನೆ. ಆದರೆ ಇದೇ ಮಾದರಿಯನ್ನಲ್ಲ. ಅಂಗಡಿಯಲ್ಲಿ ಮೊದಲು ಹಿಂಡುವ ಗೂಡಿನೊಳಗೆ ಬೆರಳು ಹಾಕಿ ನೋಡುತ್ತೇನೆ. ರಬ್ಬರ್ ಪಟ್ಟಿ ದಪ್ಪ ಇರಬೇಕು, ಎಳೆದರೆ ಗೂಡಿನಿಂದ ಕಳಚಿ ಬರಬೇಕು, ಬಿಡಿ ಪಟ್ಟಿಯ ಬೆಲೆ ಎಷ್ಟು ಅಂತ ಬಿಲ್ ಮಾಡುವ ಮೊದಲೇ ಕೇಳುತ್ತೇನೆ.