ಮ್ಯಾಟ್, ಸ್ಯಾಟಿನ್, ಗ್ಲಾಸಿ: ಬದಿಯಡ್ಕದ ನಮ್ಮ ಮನೆಯಲ್ಲಿ ಯಾವುದು ಬಾಳಿತು?

ಬಣ್ಣದ ಅಂಗಡಿಗೆ ಹೋದವರು ಶೇಡ್ ಕಾರ್ಡ್ ತಿರುವುತ್ತಾ ಅರ್ಧ ದಿನ ಕಳೆಯುತ್ತಾರೆ. ಫಿನಿಶ್ ವಿಷಯ ಬಂದಾಗ ಮಾತ್ರ "ತೊಳೆಯಲಿಕ್ಕೆ ಆಗುವಂಥದ್ದು ಕೊಡಿ" ಎಂದು ಮುಗಿಸಿಬಿಡುತ್ತಾರೆ. ನಮ್ಮದು ಕೆಂಪುಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಸಾರಣೆ, ಪುಟ್ಟಿ. ಮೂರೂ ಬಗೆಯ ಫಿನಿಶ್ ಕೆಲವು ಮಳೆಗಾಲ ಕಂಡಿವೆ. ಚೆನ್ನಾಗಿ ತೊಳೆಯಲು ಬರುವ ಗೋಡೆಗೆ ತೇಪೆ ಹಾಕುವುದು ಕಷ್ಟ, ಸುಲಭವಾಗಿ ತೇಪೆ ಹಾಕಬಹುದಾದ ಗೋಡೆಯನ್ನು ತೊಳೆಯುವುದು ಕಷ್ಟ. ಆಯ್ಕೆಯೆಲ್ಲ ನಿಂತಿರುವುದು ಇದರ ಮೇಲೆ.

ಮ್ಯಾಟ್‌ನಲ್ಲಿ ಪುಡಿಯ ಅಂಶ ಜಾಸ್ತಿ, ಅದನ್ನು ಹಿಡಿದಿಡುವ ಅಂಟು ಕಡಿಮೆ. ಹಾಗಾಗಿ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿ. ಬೆಳಕು ಚದುರಿ ಹೋಗುತ್ತದೆ, ಗೋಡೆಯ ಉಬ್ಬುತಗ್ಗು ಮುಚ್ಚುತ್ತದೆ. ಆದರೆ ಎಣ್ಣೆ, ಅರಿಶಿನ ಒಳಗೆ ಇಳಿಯುತ್ತವೆ. ಗ್ಲಾಸಿಯಲ್ಲಿ ಇದೆಲ್ಲ ಉಲ್ಟಾ. ಸ್ಯಾಟಿನ್ ಇವೆರಡರ ನಡುವೆ.

ಅಡಿಗೆಮನೆಗೆ ನನ್ನ ಮತ ಸ್ಯಾಟಿನ್ ಎಮಲ್ಷನ್‌ಗೆ. ಒಲೆಯ ಪಕ್ಕದ ಗೋಡೆಗೆ ತೆಂಗಿನೆಣ್ಣೆಯ ಒಗ್ಗರಣೆ ದಿನಾ ಸಿಡಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ, ಮೆತ್ತನೆಯ ಹತ್ತಿ ಬಟ್ಟೆ, ಅಷ್ಟೇ ಸಾಕು. ಕೆಳಗಿನಿಂದ ಮೇಲಕ್ಕೆ ಒರೆಸಿ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಗಿದ ಗೋಡೆಯ ಮೇಲೆ ಇಳಿದು ಗೆರೆ ಬೀಳುತ್ತದೆ. ಹಸಿರು ಸ್ಕ್ರಬ್ಬರ್ ಮುಟ್ಟಿಸಲೇಬೇಡಿ, ಉಜ್ಜಿದ ಕಡೆ ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತದೆ. ಹೊಸ ಬಣ್ಣವಾದರೆ ಒಂದು ತಿಂಗಳು ತಿಕ್ಕಿ ತೊಳೆಯುವುದು ಬೇಡ, ಅದು ಪೂರ್ತಿ ಗಟ್ಟಿಯಾಗಲಿ.

ಹಾಗಾದರೆ ಇನ್ನೂ ಚೆನ್ನಾಗಿ ತೊಳೆಯಬಹುದಾದ ಗ್ಲಾಸಿ ಯಾಕೆ ಬೇಡ? ನಮ್ಮ ಅಡಿಗೆಮನೆಯ ಹಿಂದಿನ ಗೋಡೆಗೆ ಆಯಿಲ್ ಎನಾಮಲ್ ಹೊಡೆದಿತ್ತು. ಅದು ಹೊರಗಿನಿಂದ ಮಳೆಯ ಎರಚಲು ನೇರ ಬೀಳುವ ಗೋಡೆ. ಕೆಂಪುಕಲ್ಲು ನೀರು ಕುಡಿಯುತ್ತದೆ, ಆ ತೇವ ಒಳಗಡೆಯಿಂದ ಆರಬೇಕು. ಎನಾಮಲ್ ಪದರ ಅದಕ್ಕೆ ದಾರಿ ಬಿಡಲಿಲ್ಲ. ಆಗಸ್ಟ್ ಹೊತ್ತಿಗೆ ಸೊಂಟದೆತ್ತರದಲ್ಲಿ ಹಪ್ಪಳದಂತೆ ಗುಳ್ಳೆ ಎದ್ದವು. ಉಗುರಲ್ಲಿ ಒಡೆದರೆ ಒಳಗೆ ಬಿಳಿ ಪುಡಿ. ಇದಕ್ಕೆ ಬೇರೆ ಬಣ್ಣ ಹೊಡೆದು ಪ್ರಯೋಜನವಿಲ್ಲ, ಮೊದಲು ಹೊರಗಿನ ಬಿರುಕು ಮುಚ್ಚಬೇಕು. ಗೋಡೆಯಲ್ಲಿ ತೇವ ಇದೆಯೋ ಎಂದು ತಿಳಿಯಲು ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮೈಯಲ್ಲಿ ಹನಿ ಕೂತಿದ್ದರೆ ಅಥವಾ ಅಲ್ಲಿ ಗೋಡೆ ಕಪ್ಪಾಗಿದ್ದರೆ ಬಣ್ಣದ ಕೆಲಸ ಮುಂದೂಡಿ.

ಗ್ಲಾಸಿಗೆ ಇನ್ನೊಂದು ತೊಂದರೆ ಗೋಡೆಯ ನೇರ. ರಾತ್ರಿ ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿ ಉದ್ದಕ್ಕೆ ಬೆಳಕು ಬಿಡಿ. ಕರಣೆಯ ಗೆರೆ, ಪುಟ್ಟಿಯ ಏರಿಳಿತ ಎಲ್ಲ ಎದ್ದು ಬರುತ್ತವೆ. ಹಾಗೆ ಬಂದರೆ ಗ್ಲಾಸಿ ಹಗಲಲ್ಲೂ ಅವನ್ನೇ ತೋರಿಸುತ್ತದೆ. ಬಾಗಿಲು, ಕಿಟಕಿಯ ಮರಕ್ಕೆ ಮಾತ್ರ ಅದು ಇರಲಿ.

ನಿಜವಾದ ಪರೀಕ್ಷೆ ನಡೆದದ್ದು ಚಾವಡಿಯಿಂದ ಒಳಗೆ ಹೋಗುವ ಪ್ಯಾಸೇಜಿನಲ್ಲಿ. ಒದ್ದೆ ಕೊಡೆ, ಶಾಲೆಯ ಬ್ಯಾಗು, ಅಡಿಕೆ ಗೋಣಿ ಎಲ್ಲ ಆ ಗೋಡೆಗೆ ಉಜ್ಜಿಕೊಂಡೇ ಹೋಗುತ್ತವೆ. ಅಲ್ಲಿದ್ದದ್ದು ಮ್ಯಾಟ್. ಕೊಳೆ ಒರೆಸಿದಷ್ಟೂ ಆ ಜಾಗ ನುಣುಪಾಗಿ ಹೊಳೆಯತೊಡಗಿತು, ಸ್ವಿಚ್ ಬೋರ್ಡ್ ಸುತ್ತ ಅಂತೂ ಬೆರಳಿನ ಗುರುತೇ ಪಾಲಿಶ್ ಆಗಿತ್ತು. ಆದರೆ ಮೊಳೆ ಕಿತ್ತ ತೂತಿಗೆ ಪುಟ್ಟಿ ತುಂಬಿ, ಮರಳು ಕಾಗದ ಉಜ್ಜಿ, ಪ್ರೈಮರ್ ಮುಟ್ಟಿಸಿ ಅದೇ ಡಬ್ಬದ ಬಣ್ಣ ಚಿಕ್ಕ ರೋಲರಿನಲ್ಲಿ ಹೊಡೆದರೆ ತೇಪೆ ಎಲ್ಲಿ ಎಂದು ಹುಡುಕಬೇಕು. ಇದೇ ಕೆಲಸ ಅಡಿಗೆಮನೆಯ ಸ್ಯಾಟಿನ್ ಮೇಲೆ ಮಾಡಿದಾಗ ಬಣ್ಣ ಕೂಡಿತು, ಹೊಳಪು ಕೂಡಲಿಲ್ಲ. ಕಿಟಕಿಯ ಓರೆ ಬೆಳಕಿಗೆ ತೇಪೆ ಬೇರೆಯೇ ಹೊಳೆಯಿತು. ಕೊನೆಗೆ ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೆಯಬೇಕಾಯಿತು.

ಹಾಗಾಗಿ ಈಗ ಪ್ಯಾಸೇಜಿನಲ್ಲಿ ನೆಲದಿಂದ ನಾಲ್ಕಡಿ ಸ್ಯಾಟಿನ್, ಮೇಲೆ ಮ್ಯಾಟ್, ನಡುವೆ ತೆಳು ಮರದ ಪಟ್ಟಿ. ಕೆಳಭಾಗ ಕೆಟ್ಟರೆ ಅಷ್ಟನ್ನೇ ಹೊಡೆದರಾಯಿತು. ನಮ್ಮ ಪೇಂಟರ್ "ಇದು ಹಳೇ ಆಸ್ಪತ್ರೆಯ ಹಾಗೆ ಕಾಣ್ತದಲ್ವಾ" ಎಂದು ನಕ್ಕರು. ಎರಡಕ್ಕೂ ಒಂದೇ ಶೇಡ್ ಇಟ್ಟರೆ ಹಾಗೇನೂ ಕಾಣುವುದಿಲ್ಲ.

ಮಕ್ಕಳ ಕೋಣೆಗೂ ಇದೇ ಲೆಕ್ಕ, ಆದರೆ ಅಲ್ಲಿ ನಾನು ತೊಳೆಯಬಹುದಾದ ಮ್ಯಾಟ್ ಆರಿಸಿದೆ. ಕ್ರೇಯಾನ್ ಪೂರ್ತಿ ಹೋಗುವುದಿಲ್ಲ, ನಿಜ. ಆದರೆ ಅಲ್ಲಿ ಅಂಟಿಸಿದ ಚಿತ್ರ ಕಿತ್ತಾಗ ಬಣ್ಣವೂ ಎದ್ದು ಬರುತ್ತದೆ, ತೇಪೆಯ ಕೆಲಸವೇ ಜಾಸ್ತಿ. ಉಳಿದ ಬಣ್ಣವನ್ನು ಚಿಕ್ಕ ಡಬ್ಬಕ್ಕೆ ತುಂಬಿ, ಶೇಡ್ ಕೋಡ್ ಮತ್ತು ಫಿನಿಶ್ ಎರಡನ್ನೂ ಬರೆದಿಡಿ.

ಹಳೆಯ ಎನಾಮಲ್ ಗೋಡೆಯನ್ನು ಸ್ಯಾಟಿನ್ ಎಮಲ್ಷನ್‌ಗೆ ಬದಲಿಸುವವರು ನೇರವಾಗಿ ಹೊಡೆಸಬೇಡಿ. ಮೊದಲು 180 ನಂಬರಿನ ಮರಳು ಕಾಗದದಿಂದ ಹೊಳಪೆಲ್ಲ ಹೋಗುವಂತೆ ಉಜ್ಜಿಸಿ, ಧೂಳು ಒರೆಸಿ, ಪ್ರೈಮರ್ ಹಾಕಿಸಿ. ಒಂದು ಮೂಲೆಯಲ್ಲಿ ಹೊಡೆದು ವಾರ ಬಿಟ್ಟು ಉಗುರಿನಿಂದ ಕೆರೆದು ನೋಡಿ. ಸಿಪ್ಪೆಯಾಗಿ ಎದ್ದು ಬಂದರೆ ಉಜ್ಜಿದ್ದು ಸಾಲದು.